ಆಸ್ಟ್ರೇಲಿಯದಲ್ಲಿ ಫಾರ್ಮಸಿಸ್ಟ್ ನೋಂದಣಿ: ಬೆಳಗಾವಿಯ ಆಸ್ಪತ್ರೆಯ ಔಷಧ ವಿಭಾಗದಿಂದ ಕಂಡದ್ದು

ಬೆಳಗಾವಿಯ ಒಂದು ಆಸ್ಪತ್ರೆಯ ಔಷಧ ವಿಭಾಗದ ಹೊಣೆ ನನ್ನದಾಗಿರುವುದರಿಂದ, ವಿದೇಶಕ್ಕೆ ಹೊರಡುವ ಕಿರಿಯರ ಅನುಭವ ಪತ್ರಗಳು ನನ್ನ ಮೇಜಿನ ಮೇಲೆಯೇ ತಯಾರಾಗುತ್ತವೆ. ಪತ್ರ ಕೇಳಲು ಬಂದವರಿಗೆ ನಾನು ಮೊದಲು ಕೇಳುವುದು ಅವರು ಓದಿದ್ದೇನು ಎಂದು, ಏಕೆಂದರೆ ಯಾವ ದೇಶದ ಬಾಗಿಲು ತೆರೆಯುತ್ತದೆ ಎಂಬುದು ಬಹುಮಟ್ಟಿಗೆ ಅಲ್ಲಿಯೇ ತೀರ್ಮಾನವಾಗುತ್ತದೆ. ಅಮೆರಿಕದಲ್ಲಿ 2003ರ ಜನವರಿ 1ರ ನಂತರ ಪದವಿ ಪಡೆದ ವಿದೇಶಿ ಫಾರ್ಮಸಿಸ್ಟರಿಗೆ ಕನಿಷ್ಠ ಐದು ವರ್ಷಗಳ ಪಠ್ಯಕ್ರಮ ಕಡ್ಡಾಯವಾಗಿರುವುದರಿಂದ ನಮ್ಮ ನಾಲ್ಕು ವರ್ಷದ ಬಿ.ಫಾರ್ಮ್ ಅಲ್ಲಿ ಸಾಲದು, ಫಾರ್ಮ್.ಡಿ ಬೇಕು. ಬ್ರಿಟನ್ನಿನಲ್ಲಿ ಒಂದು ವರ್ಷ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಮತ್ತೆ ಓದಿ, ಆಮೇಲೆ ಒಂದು ವರ್ಷ ತರಬೇತಿ ಪಡೆಯಬೇಕು. ಆಸ್ಟ್ರೇಲಿಯದಲ್ಲಿ ಮಾತ್ರ ಬಿ.ಫಾರ್ಮ್ ಮುಗಿಸಿದವರು ಮತ್ತೆ ಕಾಲೇಜು ಸೇರದೆ ಪರೀಕ್ಷೆಯ ಮೂಲಕ ಮುಂದೆ ಹೋಗಬಹುದಾದ್ದರಿಂದ, ಇಲ್ಲಿ ಆ ಮಾರ್ಗವನ್ನಷ್ಟೇ ಬರೆಯುತ್ತೇನೆ. ಡಿ.ಫಾರ್ಮ್ ಒಂದನ್ನೇ ಮುಗಿಸಿದವರಿಗೆ ಈ ಮಾರ್ಗವಿಲ್ಲ.

ಹೆಚ್ಚಿನವರು ತಪ್ಪಾಗಿ ತಿಳಿಯುವುದು ಒಂದು ವಿಷಯದಲ್ಲಿ. ಪರೀಕ್ಷೆ ನಡೆಸುವುದು ಆಸ್ಟ್ರೇಲಿಯನ್ ಫಾರ್ಮಸಿ ಕೌನ್ಸಿಲ್; ನೋಂದಣಿ ಕೊಡುವುದು ಫಾರ್ಮಸಿ ಬೋರ್ಡ್ ಆಫ್ ಆಸ್ಟ್ರೇಲಿಯ, ಅದರ ಅರ್ಜಿಗಳನ್ನು ನಿರ್ವಹಿಸುವುದು ಅಪ್ರಾ ಎಂಬ ಸಂಸ್ಥೆ; ವೀಸಾ ಕೊಡುವುದು ಇವೆರಡೂ ಅಲ್ಲ, ಅಲ್ಲಿಯ ಸರ್ಕಾರದ ಇಲಾಖೆ. ಕೌನ್ಸಿಲ್ಲಿನ ಪರೀಕ್ಷೆ ಪಾಸಾದ ಪತ್ರವನ್ನು ಲೈಸೆನ್ಸ್ ಎಂದೇ ಭಾವಿಸಿ ಇಲ್ಲಿಯ ಕೆಲಸಕ್ಕೆ ರಾಜೀನಾಮೆ ಬರೆದುಕೊಟ್ಟವರನ್ನು ನಾನು ಕಂಡಿದ್ದೇನೆ. ಆ ಪತ್ರವು ಕೌಶಲದ ಮೌಲ್ಯಮಾಪನ ಮಾತ್ರ; ಅದರ ಬಲದಿಂದ ಒಂದು ಮಾತ್ರೆಯನ್ನೂ ರೋಗಿಯ ಕೈಗೆ ಕೊಡುವಂತಿಲ್ಲ.

ಕೌನ್ಸಿಲ್ ಮೊದಲು ದಾಖಲೆಗಳನ್ನು ನೋಡಿ ಅರ್ಹತೆಯನ್ನು ನಿರ್ಧರಿಸುತ್ತದೆ. ಪದವಿ ಪ್ರಮಾಣಪತ್ರ, ವಿಷಯವಾರು ಅಂಕಗಳ ಟ್ರಾನ್ಸ್‌ಕ್ರಿಪ್ಟ್, ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನ ನೋಂದಣಿ, ಪಾಸ್‌ಪೋರ್ಟ್, ಇವು ಮುಖ್ಯವಾದವು. ಬಾಗಲಕೋಟೆ, ವಿಜಯಪುರದ ಕಾಲೇಜುಗಳಲ್ಲಿ ಓದಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪದವಿ ಪಡೆದವರಿಗೆ ಟ್ರಾನ್ಸ್‌ಕ್ರಿಪ್ಟ್ ಬೆಂಗಳೂರಿನಿಂದಲೇ ಬರಬೇಕು. ಕಾಲೇಜಿನ ಕಚೇರಿಯಲ್ಲಿ ಟೈಪ್ ಮಾಡಿ ಮೊಹರು ಹಾಕಿಸಿದ ಹಾಳೆ ಅದಕ್ಕೆ ಬದಲಾಗುವುದಿಲ್ಲ. ನಮ್ಮ ಭಾಗದವರಿಗೆ ಹೆಚ್ಚು ಕಾಡುವುದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ನಂತರ ಸ್ವಂತ ಹೆಸರು, ಕೊನೆಗೆ ತಂದೆಯ ಹೆಸರು ಇರುತ್ತದೆ. ಪದವಿಯಲ್ಲಿ ತಂದೆಯ ಹೆಸರು ಒಂದೇ ಅಕ್ಷರಕ್ಕೆ ಇಳಿದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ಹೋಗಿ ತಂದೆಯ ಹೆಸರೇ ಕೊನೆಯ ಹೆಸರಾಗಿ ಕುಳಿತಿರುತ್ತದೆ. ಮದುವೆಯಾದ ಹೆಣ್ಣುಮಕ್ಕಳಿಗಂತೂ ನಾಲ್ಕನೆಯ ರೂಪವೂ ಉಂಟು. ದೂರದಲ್ಲಿ ಕಡತ ನೋಡುವವರಿಗೆ ಇವರೆಲ್ಲ ಬೇರೆ ಬೇರೆ ವ್ಯಕ್ತಿಗಳಂತೆ ಕಾಣುತ್ತಾರೆ. ಆದ್ದರಿಂದ ಅರ್ಜಿಗಿಂತ ಮೊದಲು ಪಾಸ್‌ಪೋರ್ಟನ್ನು ಸರಿಪಡಿಸಿಕೊಂಡು, ಉಳಿದ ರೂಪಗಳೆಲ್ಲ ಒಬ್ಬರದೇ ಎಂದು ನೋಟರಿ ಮುಂದೆ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳುವಂತೆ ಹೇಳುತ್ತೇನೆ.

ಡಿಪ್ಲೊಮಾ ಮುಗಿಸಿ ನೇರವಾಗಿ ಬಿ.ಫಾರ್ಮ್ ಎರಡನೆಯ ವರ್ಷಕ್ಕೆ ಸೇರಿದವರ ಪದವಿಯ ಅಂಕಪಟ್ಟಿಗಳಲ್ಲಿ ಮೂರೇ ವರ್ಷಗಳು ಕಾಣುತ್ತವೆ. ಅಂಥವರು ಡಿಪ್ಲೊಮಾದ ಅಂಕಪಟ್ಟಿಗಳನ್ನೂ ಜೊತೆಗಿಟ್ಟು, ಮೊದಲ ವರ್ಷ ಏಕಿಲ್ಲ ಎಂಬುದನ್ನು ಕಾಲೇಜಿನ ಪತ್ರದಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಇನ್ನು ನಾನು ಬರೆಯುವ ಅನುಭವ ಪತ್ರಕ್ಕೆ ಹೆಚ್ಚಿನ ಬೆಲೆ ಇರುವುದು ವೀಸಾದ ಅಂಕಗಳ ಲೆಕ್ಕದಲ್ಲಿ. "ನಡತೆ ಉತ್ತಮವಾಗಿತ್ತು" ಎಂಬ ವಾಕ್ಯದಿಂದ ಅಲ್ಲಿ ಏನೂ ಆಗುವುದಿಲ್ಲ. ಸೇರಿದ ಮತ್ತು ಬಿಟ್ಟ ತಾರೀಖು, ವಾರಕ್ಕೆ ಎಷ್ಟು ಗಂಟೆ, ವಾರ್ಡಿನ ಇಂಡೆಂಟ್ ನೋಡುತ್ತಿದ್ದರೋ ಹೊರರೋಗಿಗಳ ಕೌಂಟರಿನಲ್ಲಿದ್ದರೋ, ಸಂಬಳ ಎಷ್ಟು, ಇವನ್ನು ಬಿಡಿಸಿ ಬರೆಯಬೇಕು.

ಅರ್ಹತೆ ದೊರೆತ ಮೇಲೆ ಬರುವುದು ಓಪ್ರಾ ಪರೀಕ್ಷೆ; 2025ರ ಮಾರ್ಚ್‌ಗೆ ಮುಂಚೆ ಇದರ ಜಾಗದಲ್ಲಿ ಕ್ಯಾಪ್ಸ್ ಪರೀಕ್ಷೆ ಇತ್ತು. ಕಂಪ್ಯೂಟರ್ ಕೇಂದ್ರದಲ್ಲಿ ಒಂದೇ ಪತ್ರಿಕೆ, 120 ಬಹು ಆಯ್ಕೆಯ ಪ್ರಶ್ನೆಗಳು, ಎರಡೂವರೆ ಗಂಟೆ. ಔಷಧ ರಸಾಯನ, ಶರೀರಕ್ರಿಯೆ, ಔಷಧಗಳ ಕ್ರಿಯೆ, ಚಿಕಿತ್ಸೆ ಎಲ್ಲವೂ ಅದರಲ್ಲೇ; ಎಲ್ಲಕ್ಕಿಂತ ದೊಡ್ಡ ಪಾಲು ಚಿಕಿತ್ಸೆಯದು. ನಮ್ಮವರು ಮೊದಲ ಮೂರರಲ್ಲಿ ಅಷ್ಟಾಗಿ ಎಡವುವುದಿಲ್ಲ. ಬಿ.ಫಾರ್ಮಿನಲ್ಲಿ ಚಿಕಿತ್ಸೆಯ ಪಾಠ ತೆಳುವಾಗಿರುವುದರಿಂದ ಹೆಚ್ಚು ಓದಬೇಕಾದದ್ದು ಅದನ್ನೇ.

ಇಂಗ್ಲಿಷ್ ಪರೀಕ್ಷೆಯನ್ನು ಯಾವಾಗ ಬರೆಯಬೇಕೆಂಬುದೂ ಯೋಚಿಸಬೇಕಾದ ಮಾತು. ಬೋರ್ಡ್ ಸಾಮಾನ್ಯವಾಗಿ ಅರ್ಜಿಯ ಹಿಂದಿನ ಎರಡು ವರ್ಷಗಳೊಳಗಿನ ಫಲಿತಾಂಶವನ್ನೇ ಪರಿಗಣಿಸುತ್ತದೆ. ಎಲ್ಲಕ್ಕೂ ಮೊದಲು ಅದನ್ನೇ ಮುಗಿಸಿಬಿಡೋಣ ಎಂದು ಹೊರಟವರು, ಟ್ರಾನ್ಸ್‌ಕ್ರಿಪ್ಟ್ ಮತ್ತು ಕ್ಯಾಪ್ಸ್ ಮುಗಿಯುವಷ್ಟರಲ್ಲಿ ಅವಧಿ ಮೀರಿ ಮತ್ತೆ ಶುಲ್ಕ ಕಟ್ಟಿದ್ದುಂಟು. ಬೋರ್ಡಿಗೆ ರಾಜ್ಯ ಪರಿಷತ್ತಿನ ಗುಡ್ ಸ್ಟ್ಯಾಂಡಿಂಗ್ ಪತ್ರವೂ ಬೇಕು. ಅದು ಹೊಸದಾಗಿರಬೇಕು, ಪರಿಷತ್ತಿನಿಂದ ನೇರವಾಗಿ ಹೋಗಬೇಕು. ಇಲ್ಲಿಯ ನೋಂದಣಿಯ ನವೀಕರಣ ತಪ್ಪಿದ್ದರೆ ಆ ಪತ್ರ ಸಿಗುವುದು ಕಷ್ಟ.

ಇಷ್ಟೆಲ್ಲ ಆದ ಮೇಲೆ ದೊರೆಯುವುದು ತಾತ್ಕಾಲಿಕ ನೋಂದಣಿ. ಅದರಡಿ ಅಲ್ಲಿಯ ಫಾರ್ಮಸಿಸ್ಟ್ ಒಬ್ಬರ ಮೇಲ್ವಿಚಾರಣೆಯಲ್ಲಿ 1575 ಗಂಟೆ ಕೆಲಸ ಮಾಡಬೇಕು. ವಾರಕ್ಕೆ 38 ಗಂಟೆಯಂತೆ ಲೆಕ್ಕ ಹಾಕಿದರೆ ನಲವತ್ತೊಂದು ವಾರಗಳಿಗಿಂತ ತುಸು ಹೆಚ್ಚು. ಮೇಲ್ವಿಚಾರಕರು ಮತ್ತು ಅಂಗಡಿ ಮೊದಲೇ ಗೊತ್ತಾಗಿರಬೇಕಾದ್ದರಿಂದ, ಪರೀಕ್ಷೆಗಿಂತ ಈ ಜಾಗ ಹುಡುಕುವುದೇ ಕೆಲವರಿಗೆ ಹೆಚ್ಚು ಕಷ್ಟವಾಗುತ್ತದೆ. ತರಬೇತಿಯ ನಡುವೆ ಒಂದು ಲಿಖಿತ ಪರೀಕ್ಷೆ, ಕೊನೆಯ ಭಾಗದಲ್ಲಿ ಒಂದು ಮೌಖಿಕ ಪರೀಕ್ಷೆ ಇರುತ್ತವೆ.

ಮೌಖಿಕಕ್ಕೆ ತಯಾರಾಗುತ್ತಿದ್ದ ನನ್ನ ಹಿಂದಿನ ಸಹೋದ್ಯೋಗಿಯೊಬ್ಬಳು ಫೋನಿನಲ್ಲಿ ಅಭ್ಯಾಸ ಮಾಡಿಸಲು ಕೇಳಿಕೊಂಡಾಗ ನಾನು ಕೊಟ್ಟ ಪ್ರಶ್ನೆ ಹೀಗಿತ್ತು: 16 ಕಿಲೋ ತೂಕದ ಮಗುವಿಗೆ ಸೆಫಲೆಕ್ಸಿನ್, ಕಿಲೋಗೆ 12.5 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ಏಳು ದಿನ. ಒಂದು ಸಲಕ್ಕೆ 200 ಮಿಲಿಗ್ರಾಂ. 5 ಮಿಲಿಲೀಟರಿನಲ್ಲಿ 250 ಮಿಲಿಗ್ರಾಂ ಇರುವ ದ್ರವದಲ್ಲಿ ಅದು 4 ಮಿಲಿಲೀಟರ್. ಇಪ್ಪತ್ತೆಂಟು ಸಲಕ್ಕೆ 112 ಮಿಲಿಲೀಟರ್. 100ರ ಬಾಟಲಿ ಒಂದು ಸಾಲದು, ಎರಡು ಬೇಕು. ಇಷ್ಟನ್ನು ಅವಳು ತಡವಿಲ್ಲದೆ ಹೇಳಿದಳು.

"ಸರ್, ಇಷ್ಟೇನಾ?" ಎಂದಳು.

"ಮಗುವಿಗೆ ಪೆನಿಸಿಲಿನ್ ಅಲರ್ಜಿ ಐತೇನಂತ ತಾಯಿನ್ನ ಕೇಳಿದೇನವ್ವಾ?" ಎಂದೆ.

ಪರೀಕ್ಷಕರು ನೋಡುವುದು ಅದನ್ನೇ. ಅಲರ್ಜಿ ಇದೆಯೆಂದರೆ ಹಿಂದೆ ಏನಾಗಿತ್ತು, ಬರೀ ಹೊಟ್ಟೆ ಕೆಟ್ಟಿತ್ತೋ ಉಸಿರೇ ಕಟ್ಟಿತ್ತೋ ಎಂದು ಕೇಳಬೇಕು. ತೀವ್ರವಾಗಿದ್ದರೆ ಔಷಧ ಕೊಡುವ ಮೊದಲೇ ವೈದ್ಯರಿಗೆ ಫೋನ್ ಮಾಡಬೇಕು. ಇಲ್ಲವೆಂದಾದರೆ ಬಾಟಲಿ ಅಲ್ಲಾಡಿಸುವುದು, ಫ್ರಿಜ್ಜಿನಲ್ಲಿಡುವುದು, ಚಮಚದ ಬದಲು ಸಿರಿಂಜಿನಲ್ಲಿ ಅಳೆಯುವುದು, ಕಲಸಿದ ಹದಿನಾಲ್ಕು ದಿನದ ಮೇಲೆ ಚೆಲ್ಲುವುದು, ಎಲ್ಲವನ್ನೂ ತಾಯಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ನಮ್ಮ ಕೌಂಟರಿನ ಗದ್ದಲದಲ್ಲಿ ಇದನ್ನು ಹೇಳುವ ರೂಢಿ ಕಡಿಮೆ.

ಮೌಖಿಕದ ಇನ್ನೊಂದು ಭಾಗ ಕಾನೂನು. ಅಲ್ಲಿ ಔಷಧಗಳನ್ನು ಅಂಕಿಯ ಅನುಸೂಚಿಗಳಲ್ಲಿ ವಿಂಗಡಿಸಿದ್ದಾರೆ. ಮೂರನೆಯದರಲ್ಲಿರುವ ಸಾಲ್ಬುಟಮಾಲ್ ಇನ್ಹೇಲರನ್ನು ಚೀಟಿಯಿಲ್ಲದೆ ಕೊಡಬಹುದು, ಆದರೆ ಫಾರ್ಮಸಿಸ್ಟ್ ತಾನೇ ಮುಂದೆ ಬಂದು ರೋಗಿಯೊಡನೆ ಮಾತನಾಡಿ ಅಗತ್ಯವನ್ನು ಖಚಿತಪಡಿಸಿಕೊಂಡಿರಬೇಕು. ಕೊಡೀನ್ ಇರುವ ಔಷಧವಾದರೋ 2018ರ ಫೆಬ್ರುವರಿ 1ರಿಂದ ಚೀಟಿಯಿಲ್ಲದೆ ಸಿಗುವುದೇ ಇಲ್ಲ. ನಮ್ಮ ಎಚ್, ಎಚ್1, ಎಕ್ಸ್ ಪಟ್ಟಿಗಳ ಎದುರು ಅವರ ಪಟ್ಟಿಯನ್ನು ಸಾಲುಸಾಲಾಗಿ ಹೊಂದಿಸಲು ಹೋದರೆ ಗೊಂದಲವೇ ಹೆಚ್ಚು, ಹೊಸದಾಗಿಯೇ ಕಲಿಯಬೇಕು.

ಗಂಟೆಗಳು ಮತ್ತು ಎರಡೂ ಪರೀಕ್ಷೆಗಳು ಮುಗಿದ ಮೇಲೆ ಸಾಮಾನ್ಯ ನೋಂದಣಿಗೆ ಅರ್ಜಿ ಹಾಕಬಹುದು. ಅದನ್ನು ಪ್ರತಿ ವರ್ಷ ನವೆಂಬರ್ 30ರೊಳಗೆ ನವೀಕರಿಸಬೇಕು, ವರ್ಷಕ್ಕೆ 40 ಅಂಕಗಳಷ್ಟು ನಿರಂತರ ಕಲಿಕೆಯ ದಾಖಲೆಯನ್ನೂ ಇಟ್ಟಿರಬೇಕು. ಮುಂದೆ ಊರಿಗೆ ಮರಳಿ ಅಂಗಡಿ ಇಡುವ ಯೋಚನೆ ಇರುವವರು ಕರ್ನಾಟಕದ ನೋಂದಣಿಯ ನವೀಕರಣವನ್ನೂ ಅಲ್ಲಿಂದಲೇ ಮಾಡಿಸುತ್ತಿರಬೇಕು.