ಸಹಸ್ರಚಂದ್ರ ಶಾಂತಿಯ ದಿನ ಮೊಮ್ಮಕ್ಕಳ ನಾಲ್ಕು ಮಾತು

ಪೂರ್ಣಾಹುತಿ ಆಯಿತು, ಕಲಶದ ನೀರಿನ ಅಭಿಷೇಕವೂ ಮುಗಿಯಿತು. ಅಜ್ಜಿ ಒದ್ದೆ ಸೀರೆಯಲ್ಲಿ ನಡುಗುತ್ತಾ ಒಳಗೆ ಹೋಗುತ್ತಾರೆ. ಸೊಸೆಯಂದಿರು ಹೊಸ ಸೀರೆ ಉಡಿಸಿ, ತಲೆ ಒರೆಸಿ ಕರೆದುಕೊಂಡು ಬರಲು ಏನಿಲ್ಲವೆಂದರೂ ಇಪ್ಪತ್ತು ನಿಮಿಷ ಬೇಕು. ಹೊರಗೆ ಜನ ಸುಮ್ಮನೆ ಕೂತಿದ್ದಾರೆ, ಮೈಕು ಖಾಲಿ ಇದೆ. ಆಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಈಗಲೇ ಮೊಮ್ಮಗಳ ಭಾಷಣ ಮುಗಿಸಿಬಿಡಿ." ಎಂಬತ್ತರ ಶಾಂತಿಯಲ್ಲಿ ಮೊಮ್ಮಕ್ಕಳ ಮಾತು ಹಾಳಾಗುವುದು ಹೆಚ್ಚಾಗಿ ಇಲ್ಲೇ. ಯಾರ ಬಗ್ಗೆ ಮಾತೋ ಅವರೇ ಎದುರಿಗಿರುವುದಿಲ್ಲ.

ಊಟವಾದ ಮೇಲೆ ಇಟ್ಟುಕೊಂಡರೆ ಅರ್ಧ ಜನ ಬಸ್ಸಿನ ಹೊತ್ತು ನೋಡುತ್ತಿರುತ್ತಾರೆ, ಇನ್ನರ್ಧ ತೂಕಡಿಸುತ್ತಿರುತ್ತಾರೆ. ಹೋಮದ ನಡುವೆಯಂತೂ ಬೇಡ. ಅಜ್ಜಿ ಹೊಸ ಸೀರೆಯುಟ್ಟು ಬಂದು ಕುರ್ಚಿಯಲ್ಲಿ ಕೂತ ಮೇಲೆ, ಪುರೋಹಿತರ ಮಹದಾಶೀರ್ವಾದಕ್ಕೆ ಮೊದಲು ಸಿಗುವ ಸಂದಿಯೇ ಸರಿಯಾದ ಹೊತ್ತು. ಇದನ್ನು ಹಿಂದಿನ ದಿನವೇ ಪುರೋಹಿತರಿಗೆ ತಿಳಿಸಿಟ್ಟರೆ ಅವರೇ ಜಾಗ ಮಾಡಿಕೊಡುತ್ತಾರೆ. ನಾಲ್ಕು ನಿಮಿಷಕ್ಕಿಂತ ಉದ್ದ ಬೇಡ. ಬೆಳಗಿನಿಂದ ಹೊಗೆಯಲ್ಲಿ ಕೂತವರಿಗೆ ಊಟ, ಮಾತ್ರೆ ಎರಡೂ ತಡವಾಗಿರುತ್ತವೆ. ಸಭೆಗೆ ಮುಖ ಮಾಡಿ ನಿಂತರೆ ಅಜ್ಜಿಗೆ ಬೆನ್ನು ಕಾಣುತ್ತದೆ. ಪಕ್ಕದಲ್ಲಿ ಚಿಕ್ಕ ಸ್ಟೂಲ್ ಹಾಕಿಕೊಂಡು, ಅವರ ಚೆನ್ನಾಗಿ ಕೇಳುವ ಕಿವಿಯ ಕಡೆ ಕೂತು ಮೈಕು ಹಿಡಿಯುವುದು ಒಳ್ಳೆಯದು. ಯಾವ ಕಿವಿ ಎನ್ನುವುದು ಮನೆಯವರಿಗೆ ಗೊತ್ತಿರುತ್ತದೆ.

ಇನ್ನು ಲೆಕ್ಕದ ವಿಷಯ. "ನಮ್ಮಜ್ಜಿ ಸಾವಿರ ಹುಣ್ಣಿಮೆ ಕಂಡವರು" ಎಂದು ಶುರುಮಾಡುವುದು ವಾಡಿಕೆ. ಎಂಬತ್ತು ತುಂಬಿದ ದಿನವೇ ಹಾಗೆಂದರೆ ಲೆಕ್ಕ ತಪ್ಪುತ್ತದೆ. ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆಗೆ ಸರಾಸರಿ 29.53 ದಿನ. ಸಾವಿರ ಹುಣ್ಣಿಮೆ ಎಂದರೆ 29,530 ದಿನ, ಅಂದರೆ ಸುಮಾರು 80 ವರ್ಷ 10 ತಿಂಗಳು. ಎಂಬತ್ತನೆಯ ಹುಟ್ಟುಹಬ್ಬಕ್ಕೆ, ಅಧಿಕಮಾಸಗಳನ್ನೂ ಸೇರಿಸಿ, ಆಗಿರುವುದು ಸುಮಾರು 989. ಶಾಂತಿಯನ್ನು ಯಾವಾಗ ಮಾಡಬೇಕೆಂಬುದರಲ್ಲಿ ಮನೆಮನೆಗೂ ಪದ್ಧತಿ ಬೇರೆ. ಕೆಲವರು ಎಂಬತ್ತರ ಜನ್ಮತಿಥಿಗೇ ಮಾಡುತ್ತಾರೆ, ಕೆಲವರು ಕೆಲ ತಿಂಗಳು ಬಿಟ್ಟು ಮಾಡುತ್ತಾರೆ. ಅದು ಪುರೋಹಿತರಿಗೂ ಮನೆಯ ಹಿರಿಯರಿಗೂ ಬಿಟ್ಟದ್ದು. ಮಾತಾಡುವವರು ತಮ್ಮ ಮನೆಯ ಲೆಕ್ಕ ಯಾವುದೆಂದು ಮೊದಲೇ ಕೇಳಿಟ್ಟುಕೊಂಡರೆ ಸಾಕು. ನಿಜ ಹೇಳಬೇಕೆಂದರೆ "ಅಜ್ಜಿ, ಸಾವಿರಕ್ಕೆ ಇನ್ನು ಹನ್ನೊಂದು ಹುಣ್ಣಿಮೆ ಬಾಕಿ ಇದೆ" ಎನ್ನುವ ಮಾತು "ಸಾವಿರ ಕಂಡವರು" ಎನ್ನುವುದಕ್ಕಿಂತ ಚೆನ್ನಾಗಿದೆ.

ಹುಟ್ಟಿದ ದಿನವನ್ನೂ ಆಧಾರ್ ಕಾರ್ಡ್ ನೋಡಿ ಹೇಳಬಾರದು. ಆ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ತಮಗೆ ತೋಚಿದ ತಾರೀಕು ಬರೆದದ್ದು ಎಷ್ಟೋ ಮನೆಗಳಲ್ಲಿದೆ. ಅಜ್ಜಿಗೆ ನೆನಪಿರುವುದು ಸಂವತ್ಸರ, ಮಾಸ, ತಿಥಿ. "ಪಾರ್ಥಿವ ಸಂವತ್ಸರ, ಕಾರ್ತಿಕ ಮಾಸ" ಎಂದರೆ ಅದು 1945ರ ಕಾರ್ತಿಕ. ಆಗ ಎಂಬತ್ತು ತುಂಬುವುದು 2025ರ ವಿಶ್ವಾವಸು ಸಂವತ್ಸರದ ಕಾರ್ತಿಕದಲ್ಲಿ. ಎಂಬತ್ತು ತುಂಬುವುದೇ ಬೇರೆ, ಎಂಬತ್ತಕ್ಕೆ ಕಾಲಿಡುವುದೇ ಬೇರೆ. ಅಜ್ಜಿಯಂದಿರು ಈ ತಪ್ಪನ್ನು ಕೂತಲ್ಲಿಂದಲೇ ಜೋರಾಗಿ ತಿದ್ದುತ್ತಾರೆ.

ಇಷ್ಟು ಸರಿಮಾಡಿಕೊಂಡ ಮೇಲೆ ಏನು ಹೇಳುವುದು? ತ್ಯಾಗಮಯಿ, ಕರುಣಾಮಯಿ, ಅನ್ನಪೂರ್ಣೆ ಎಂಬ ಪದಗಳು ಯಾವ ಅಜ್ಜಿಗೂ ಹೊಂದುತ್ತವೆ, ಹಾಗಾಗಿ ಯಾರಿಗೂ ತಟ್ಟುವುದಿಲ್ಲ. ತೈತ್ತಿರೀಯ ಆರಣ್ಯಕದಲ್ಲಿ ಗೃಹಸ್ಥರ ಐದು ಮಹಾಯಜ್ಞಗಳನ್ನು ಹೇಳುವ ಒಂದು ಭಾಗವಿದೆ: ದೇವ, ಪಿತೃ, ಭೂತ, ಮನುಷ್ಯ, ಬ್ರಹ್ಮ. ಹೆಸರು ಮಹಾಯಜ್ಞ ಆದರೂ ಅಲ್ಲಿ ಕೇಳುವುದು ತೀರಾ ಕಡಿಮೆ. ದೇವಯಜ್ಞಕ್ಕೆ ಒಂದು ಸಮಿತ್ತು ಆದರೂ ಸಾಕು, "ಅಪಿ ಸಮಿಧಂ". ಪಿತೃಗಳಿಗೆ ನೀರಾದರೂ ಸಾಕು, "ಅಪ್ಯಪಃ". ಬ್ರಹ್ಮಯಜ್ಞವೆಂದರೆ ಸ್ವಾಧ್ಯಾಯ, ಅದಕ್ಕೆ ಒಂದೇ ಒಂದು ಋಕ್ಕಾದರೂ ಸಾಕು. ಆದರೆ ದಿನಾ ಆಗಬೇಕು. ಭೂತಯಜ್ಞವೆಂದರೆ ಪ್ರಾಣಿಪಕ್ಷಿಗಳಿಗೆ ಇಡುವ ತುತ್ತು. ಮನುಷ್ಯಯಜ್ಞದ ಮೂಲ ಪಾಠದಲ್ಲಿರುವುದು ಬ್ರಾಹ್ಮಣರಿಗೆ ಅನ್ನವೆಂದು. ಮುಂದೆ ಅದು ಅತಿಥಿಸತ್ಕಾರವಾಗಿ, ಬಾಗಿಲಿಗೆ ಬಂದವರೆಲ್ಲರಿಗೂ ಹಬ್ಬಿಕೊಂಡಿತು.

ಬೆಳಗಿನಿಂದ ರಾತ್ರಿಯವರೆಗೆ ಅಜ್ಜಿ ಮಾಡುವುದನ್ನು ಈ ಕಣ್ಣಿನಿಂದ ನೋಡಿದರೆ ಸಿಗಬೇಕಾದದ್ದು ಸಿಗುತ್ತದೆ. ಹೊಸಿಲ ಮುಂದಿನ ರಂಗೋಲಿಗೆ ಕಲ್ಲಿನ ಪುಡಿಯ ಜೊತೆ ಒಂದು ಚಿಟಿಕೆ ಅಕ್ಕಿಹಿಟ್ಟು ಬೆರೆಸುವುದು ಇರುವೆಗಾಗಿ, ಅದು ಭೂತಯಜ್ಞ. ಹೂವಿನವನಿಗೆ ಮಜ್ಜಿಗೆ ಕೊಡುವಾಗ ಲೋಟವನ್ನು ಕೈಗೇ ಕೊಟ್ಟು, ಅವನು ಕುಡಿದು ಮುಗಿಸುವವರೆಗೆ ಬಾಗಿಲಲ್ಲೇ ನಿಲ್ಲುವುದು ಮನುಷ್ಯಯಜ್ಞ. ಅಜ್ಜಿಗೆ ಈ ಹೆಸರುಗಳು ಗೊತ್ತಿರಲೇಬೇಕೆಂದಿಲ್ಲ. ಭಾಷಣದಲ್ಲಿಯೂ ಐದನ್ನೂ ಪಟ್ಟಿಮಾಡುವ ಅಗತ್ಯವಿಲ್ಲ. ಒಂದನ್ನೇ ಆರಿಸಿಕೊಂಡು ಅದನ್ನು ಪೂರ್ತಿ ಹೇಳಬೇಕು.

ಉದಾಹರಣೆಗೆ ಮುಷ್ಟಿ ಅಕ್ಕಿಯನ್ನು ತೆಗೆದುಕೊಳ್ಳೋಣ. ಅನ್ನಕ್ಕೆ ಅಕ್ಕಿ ಅಳೆದು, ತೊಳೆಯುವ ಮೊದಲು ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವ ಪದ್ಧತಿ ಇದು. ಡಬ್ಬಿ ತುಂಬಿದಾಗ ಅದು ಮಠದ ದಾಸೋಹಕ್ಕೋ ದೇವಸ್ಥಾನಕ್ಕೋ ಬಾಗಿಲಿಗೆ ಬಂದವರ ಜೋಳಿಗೆಗೋ ಹೋಗುತ್ತದೆ. ಇಲ್ಲಿ ನೋಡಬೇಕಾದ ಸೂಕ್ಷ್ಮ ಒಂದಿದೆ. ಹಿಡಿಯನ್ನು ತೆಗೆಯುವುದು ಮೂಟೆಯಿಂದಲ್ಲ, ಮನೆಯವರಿಗೆಂದು ಅಳೆದಿಟ್ಟ ಅಕ್ಕಿಯಿಂದ. ಮೂಟೆಯಿಂದ ತೆಗೆದರೆ ಅದು ದಾನ. ಅಳೆದದ್ದರಿಂದ ತೆಗೆದರೆ ಆ ದಿನದ ಅನ್ನದಲ್ಲಿ ಒಂದು ಹಿಡಿ ಕಡಿಮೆಯಾಗುತ್ತದೆ, ಮನೆಯವರೆಲ್ಲ ತಮಗೆ ಗೊತ್ತಿಲ್ಲದೆಯೇ ಪಾಲು ಕೊಟ್ಟಂತಾಗುತ್ತದೆ. ಆ ಕಡಿಮೆಯಾದ ಹಿಡಿ ಸಾಮಾನ್ಯವಾಗಿ ಕಡೆಯಲ್ಲಿ ಊಟಕ್ಕೆ ಕೂರುವವರ ತಟ್ಟೆಯದು. ಕಡೆಯಲ್ಲಿ ಕೂರುತ್ತಿದ್ದವರು ಯಾರೆಂದು ಎಲ್ಲರಿಗೂ ಗೊತ್ತು.

ಇದರ ಲೆಕ್ಕ ತೆಗೆಯುವುದು ಕಷ್ಟವಲ್ಲ. ಅಜ್ಜಿ ಡಬ್ಬಿಗೆ ಹಾಕಿದ ಒಂದು ಹಿಡಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಅಜ್ಜಿಯ ಹಿಡಿ ಚಿಕ್ಕದು, 35 ಗ್ರಾಂ ಬಂತು ಎಂದುಕೊಳ್ಳಿ. ತಿಂಗಳಿಗೆ ಸುಮಾರು ಒಂದು ಕೆಜಿ. ಹತ್ತೊಂಬತ್ತಕ್ಕೆ ಮದುವೆಯಾಗಿ ಬಂದವರಿಗೆ ಈಗ ಎಂಬತ್ತು, 61 ವರ್ಷ. ಏಕಾದಶಿ, ಸೂತಕ, ಊರಲ್ಲಿಲ್ಲದ ದಿನ, ಒಲೆಯ ಹತ್ತಿರ ಹೋಗದ ದಿನ ಎಲ್ಲ ಕಳೆದು ವರ್ಷಕ್ಕೆ 330 ದಿನ ಹಿಡಿದರೂ ಇಪ್ಪತ್ತು ಸಾವಿರ ಹಿಡಿ ದಾಟುತ್ತದೆ. ತೂಕ ಏಳು ಕ್ವಿಂಟಾಲ್. ಆದರೆ ಕ್ವಿಂಟಾಲ್ ಎಂದರೆ ಸಭೆಯಲ್ಲಿ ಯಾರ ಕಣ್ಣಿಗೂ ಏನೂ ಕಾಣುವುದಿಲ್ಲ. ಇಪ್ಪತ್ತೈದು ಕೆಜಿಯ 28 ಚೀಲ ಎಂದರೆ ಕಾಣುತ್ತದೆ.

ವಿವರ ಕೇಳಿ ತಿಳಿಯುವುದಕ್ಕೂ ಒಂದು ಕ್ರಮ ಬೇಕು. "ಅಜ್ಜಿ, ನೀನು ಮಾಡಿದ ಒಳ್ಳೆ ಕೆಲಸ ಹೇಳು" ಎಂದರೆ "ನಾನೇನು ಮಾಡಿದೀನಿ, ಹೋಗೋ" ಎಂಬ ಉತ್ತರವೇ ಬರುತ್ತದೆ. ಹೂಬತ್ತಿ ಹೊಸೆಯುವಾಗಲೋ ಅಕ್ಕಿ ಆರಿಸುವಾಗಲೋ ಪಕ್ಕದಲ್ಲಿ ಕೂತು, "ಈ ಡಬ್ಬಿಗೆ ಹುಳ ಬೀಳಲ್ವಾ ಅಜ್ಜಿ?" ಎಂದು ಕೇಳಬೇಕು. ಆಗ ಒಣ ಬೇವಿನೆಲೆ ಹಾಕುವುದು, ಮಳೆಗಾಲದಲ್ಲಿ ಹದಿನೈದು ದಿನಕ್ಕೇ ಡಬ್ಬಿ ಖಾಲಿ ಮಾಡುವುದು, ಒಂದು ವರ್ಷ ಅಕ್ಕಿ ಸಿಗದೆ ರಾಗಿ ಹಾಕಿದ್ದು ಒಂದೊಂದಾಗಿ ಹೊರಬರುತ್ತವೆ. ಮಕ್ಕಳಿಗಿಂತ ಮನೆಗೆಲಸಕ್ಕೆ ಬರುವವರಿಗೆ, ಹಾಲಿನವರಿಗೆ ಹೆಚ್ಚು ಗೊತ್ತಿರುತ್ತದೆ. ಅವರನ್ನೂ ಕೇಳಿ.

ಹಾಗೆ ಕೇಳಿ ತಿಳಿದ ಮಾತನ್ನು ಹೀಗೆ ಹೇಳಬಹುದು:

"ಅಜ್ಜಿ, ನಿನ್ನ ಅಡುಗೆಮನೆ ಮೂಲೆಯಲ್ಲಿ ಒಂದು ಹಿತ್ತಾಳೆ ಡಬ್ಬಿ ಇದೆ. ಅದರ ಮುಚ್ಚಳ ನೆಗ್ಗಿದೆ, ಸರಿಯಾಗಿ ಕೂರಲ್ಲ. ಚಿಕ್ಕವರಿದ್ದಾಗ ಅದರಲ್ಲಿ ತಿಂಡಿ ಇದೆ ಅಂತ ನಾವು ಕೈ ಹಾಕಿದ್ವಿ, ಬೇವಿನೆಲೆ ಸಿಕ್ತು. ದಿನಾ ಅಕ್ಕಿ ತೊಳೆಯೋಕೆ ಮುಂಚೆ ನೀನು ಒಂದು ಹಿಡಿ ಅದಕ್ಕೆ ಹಾಕ್ತಿದ್ದೆ. ಹೋದ ವಾರ ನಿನಗೆ ಗೊತ್ತಾಗದ ಹಾಗೆ ಆ ಹಿಡಿ ತೂಗಿದೀವಿ. ಮೂವತ್ತೈದು ಗ್ರಾಂ. ಈ ಮನೆಗೆ ಬಂದಾಗಿಂದ ಲೆಕ್ಕ ಹಾಕಿದ್ರೆ ಇಪ್ಪತ್ತೆಂಟು ಚೀಲ ಅಕ್ಕಿ ನಿನ್ನ ಕೈ ದಾಟಿದೆ. ಅದು ನಮ್ಮ ಅನ್ನದಿಂದ ತೆಗೆದದ್ದು ಅಂತ ನಮಗೆ ಇವತ್ತಿನವರೆಗೂ ಗೊತ್ತಿರಲಿಲ್ಲ. ನಮ್ಮಲ್ಲಿ ಯಾರಿಗೂ ಒಂದು ದಿನವೂ ಅನ್ನ ಕಡಿಮೆ ಆಗಿಲ್ಲ. ಯಾರಿಗೆ ಕಡಿಮೆ ಆಗಿತ್ತು ಅಂತ ಅಮ್ಮ ಹೇಳಿದ್ರು."

ಇಲ್ಲಿಗೆ ನಿಲ್ಲಿಸಿ ನಮಸ್ಕಾರ ಮಾಡಬೇಕು. ಮುಂದೆ "ಇಂಥ ಅಜ್ಜಿಯನ್ನು ಪಡೆದ ನಾವೇ ಧನ್ಯರು" ಎಂದು ಎಳೆದರೆ ಅಷ್ಟೂ ನೀರುಪಾಲು. ಮನೆಯಲ್ಲಿ "ನೀನು" ಎನ್ನುವವರು ಮೈಕು ಸಿಕ್ಕ ಕೂಡಲೇ "ತಾವು" ಎನ್ನಲು ಹೊರಟರೆ ಅಜ್ಜಿಗೇ ನಗು ಬರುತ್ತದೆ. "ನೀವು" ಎನ್ನುವ ಮನೆಯಾದರೆ "ನೀವು". ಮನೆಯ ಮಾತೇ ಇರಲಿ.

ಬಿಡಬೇಕಾದದ್ದು ಒಂದಿದೆ, ಅದು ಪಡೆದವರ ಹೆಸರು. ಅಜ್ಜಿ ಯಾರದೋ ಮಗುವಿನ ಶಾಲೆಯ ಫೀಸು ಕಟ್ಟಿರಬಹುದು, ಯಾರದೋ ಬಾಣಂತನಕ್ಕೆ ಒಂದು ತಿಂಗಳು ಸಾರನ್ನ ಕಳಿಸಿರಬಹುದು. ಆ ಮಗು ಇವತ್ತು ದೊಡ್ಡವನಾಗಿ, ಹೆಂಡತಿ ಮಕ್ಕಳ ಸಮೇತ ಮೂರನೆಯ ಸಾಲಿನಲ್ಲಿ ಕೂತಿರಬಹುದು. ಅರವತ್ತು ವರ್ಷ ಅಜ್ಜಿ ಮುಚ್ಚಿಟ್ಟದ್ದನ್ನು ಮೈಕಿನಲ್ಲಿ ಬಿಚ್ಚಿದರೆ ಇಬ್ಬರಿಗೂ ತಲೆ ತಗ್ಗುತ್ತದೆ. ಅನುಮಾನ ಬಂದರೆ ಬಿಟ್ಟುಬಿಡಿ. ಅಕ್ಕಿಯ ಡಬ್ಬಿಯಲ್ಲಿ ಆ ಭಯವಿಲ್ಲ, ಅದು ಯಾರ ಜೋಳಿಗೆಗೆ ಹೋಯಿತೆಂದು ಅಜ್ಜಿಗೂ ನೆನಪಿಲ್ಲ.

ಅಜ್ಜ ತೀರಿಕೊಂಡಿರುವ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಕೆಲವು ಕಡೆ ಹೋಮದ ಮಣೆಯ ಮೇಲೆ ಮಗ ಸೊಸೆ ಕೂರುತ್ತಾರೆ, ಅಜ್ಜಿ ಒಂದು ಬದಿಯಲ್ಲಿರುತ್ತಾರೆ. ಹಾಗಿದ್ದಾಗ ಅವರನ್ನು ನಡುವಿನ ಕುರ್ಚಿಗೆ ಕರೆತಂದು ಕೂರಿಸಿಯೇ ಮಾತು ಶುರುಮಾಡಬೇಕು. ಆ ದಿನ ಎಲ್ಲರ ಮುಖ ಅವರತ್ತ ತಿರುಗುವ ಮೊದಲ ಗಳಿಗೆ ಅದೇ ಆಗಿರಬಹುದು. ಅಜ್ಜನ ಪ್ರಸ್ತಾಪ ಒಂದು ವಾಕ್ಯದಲ್ಲಿ ಬಂದು ಹೋಗಲಿ.

ಓದಿದ ಹಾಳೆಯನ್ನು ಅಜ್ಜಿ ಆಮೇಲೆ ಕೇಳುತ್ತಾರೆ. ದೊಡ್ಡ ಅಕ್ಷರದಲ್ಲಿ, ಒಂದೇ ಮಗ್ಗುಲಿಗೆ ಅಚ್ಚು ಹಾಕಿಸಿಟ್ಟುಕೊಂಡಿರಿ. ಅದರ ಹಿಂದೆ, ಬಾಕಿ ಉಳಿದ ಹನ್ನೊಂದು ಹುಣ್ಣಿಮೆಗಳ ತಾರೀಕನ್ನು ಪಂಚಾಂಗ ನೋಡಿ ಬರೆಯಿರಿ. ಹುಣ್ಣಿಮೆಯ ಚಂದ್ರ ಹುಟ್ಟುವುದು ಸೂರ್ಯ ಮುಳುಗುವ ಹೊತ್ತಿಗೆ, ಆದ್ದರಿಂದ ಅಜ್ಜಿ ನಿದ್ದೆಗೆಟ್ಟು ಕಾಯಬೇಕಾಗಿಲ್ಲ. ತಾರಸಿ ಹತ್ತಲಾಗದಿದ್ದರೆ ಪೂರ್ವದ ಕಡೆಯ ಕಿಟಕಿಯೋ ಜಗಲಿಯೋ ಸಾಕು. ಒಂದು ಲೋಟ ನೀರಿಗೆ ಒಂದು ಚಮಚ ಹಾಲು ಬೆರೆಸಿ ಅರ್ಘ್ಯಕ್ಕೆ ಕೊಡಿ. ಆಷಾಢ ಶ್ರಾವಣಗಳಲ್ಲಿ ಮೋಡ ಮುಚ್ಚಿಕೊಂಡು ಚಂದ್ರ ಕಾಣದೇ ಹೋಗಬಹುದು. ಆ ಹುಣ್ಣಿಮೆಯನ್ನು ಎಣಿಸಬೇಕೋ ಬೇಡವೋ ಎಂಬುದನ್ನು ಅಜ್ಜಿಯೇ ತೀರ್ಮಾನಿಸಲಿ.