ಆ ಕಾಗದ ಓದಿದವನು ಸುಳ್ಳು ಹೇಳಿದ್ನಾ?

"ನಿಮ್ಮ ಕಥೆಯಲ್ಲಿ ಮಲ್ಲಪ್ಪನ ಕಾಗದ ಓದಿದ ಆ ಮನುಷ್ಯ ಬೇಕಂತಲೇ ತಪ್ಪು ಹೇಳಿದ್ನಾ? ಒಂದೇ ಮಾತಿಗೆ ಇಷ್ಟೆಲ್ಲ ಆಗತ್ತಾ ಸಾರ್?"

ಇಲ್ಲ, ಅವನು ಕಾಗದದಲ್ಲಿದ್ದ ಪದವನ್ನೇ ಹೇಳಿದ. ತೊಂದರೆ ಆಗಿದ್ದೇ ಅಲ್ಲಿ.

ಕಥೆ ಓದದವರಿಗಾಗಿ ಸ್ವಲ್ಪ ಹೇಳುತ್ತೇನೆ. ಮಲ್ಲಪ್ಪ ಯಾದಗಿರಿ ಕಡೆಯವನು. ಯಾದಗಿರಿ ಇನ್ನೂ ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ಕಾಲ. ಮದ್ರಾಸ್-ಬಾಂಬೆ ರೈಲು ಹತ್ತಿದರೆ ನೇರ ಬಾಂಬೆ. ಅಲ್ಲಿ ಕಟ್ಟಡದ ಕೆಲಸ. ಅವನಿಗೆ ಓದು ಬರಹ ಬರುವುದಿಲ್ಲ. ಬಾಂಬೆಯ ದೊಡ್ಡ ಅಂಚೆ ಕಚೇರಿ ಎದುರು, ಕಬೂತರ್‌ಖಾನೆ ಹತ್ತಿರ, ಕಾಗದ ಬರೆದುಕೊಡುವವರು ಸಾಲಾಗಿ ಕೂರುತ್ತಿದ್ದರು. ಮನಿಯಾರ್ಡರ್ ಫಾರ್ಮ್ ತುಂಬುವುದು, ಪಾರ್ಸಲ್‌ಗೆ ಬಟ್ಟೆ ಹೊಲಿದು ಅರಗು ಹಾಕುವುದು ಕೂಡ ಅವರದೇ ಕೆಲಸ. ಮಲ್ಲಪ್ಪ ಅಂಥ ಒಬ್ಬರ ಮುಂದೆ ಕೂತು ತನ್ನ ಹರಕು ಹಿಂದಿಯಲ್ಲಿ ಹೇಳುತ್ತಾನೆ: "ದಿವಾಳೀಕೋ ಆಯೇಗಾ, ಐಸಾ ಲಗ್ತಾ ಹೈ."

ಬರೆಯುವವರು ಉತ್ತರಪ್ರದೇಶದವರು, ನಾಲ್ಕಕ್ಷರ ಚೆನ್ನಾಗಿ ಓದಿದವರು. ಗಿರಾಕಿಯ ಮಾತನ್ನು ಹಾಗೇ ಬರೆದರೆ ಅವರಿಗೆ ಮನಸ್ಸು ಒಪ್ಪುವುದಿಲ್ಲ. ತಿದ್ದಿ ಬರೆಯುತ್ತಾರೆ: "ಅನುಮಾನ್ ಹೈ ಕಿ ದೀವಾಲೀ ತಕ್ ಘರ್ ಪಹುಂಚ್ ಜಾಊಂಗಾ."

ಹಿಂದಿಯ ಅನುಮಾನ್ ಅಂದರೆ ಅಂದಾಜು. ನಮ್ಮ ಅನುಮಾನ ಅಂದರೆ ಸಂಶಯ. ಹಬ್ಬದ ಹೊತ್ತಿಗೆ ಮನೆ ಸೇರುತ್ತೇನೆ ಅಂದವನ ಮಾತು ಊರಿಗೆ ಬರುವಷ್ಟರಲ್ಲಿ "ಹಬ್ಬಕ್ಕೆ ಬರೋದು ಅನುಮಾನ" ಆಗಿಬಿಡುತ್ತದೆ.

ತಮಾಷೆ ಏನು ಗೊತ್ತಾ, ಆತ ಅಷ್ಟು ಚಂದ ಮಾಡದೆ ಬಜಾರಿನ ಹಿಂದಿಯಲ್ಲಿ "ಅಂದಾಜಾ" ಅಂತ ಬರೆದಿದ್ದರೆ ಸಾಕಿತ್ತು. ಅಂದಾಜು ನಮ್ಮಲ್ಲೂ ಅದೇ ಅರ್ಥದಲ್ಲಿದೆ. ಮಲ್ಲಪ್ಪನ ಹೆಂಡತಿ ನೀಲವ್ವನಿಗೆ ಯಾರೂ ಬಿಡಿಸಿ ಹೇಳುವುದೇ ಬೇಕಿರಲಿಲ್ಲ. ಸಂಸ್ಕೃತದ ಪದ ಎರಡೂ ಕಡೆ ಇದ್ದರೆ ಅರ್ಥವೂ ಒಂದೇ ಅಂದುಕೊಳ್ಳುತ್ತೇವೆ. ಗೊತ್ತಿಲ್ಲದ ಪದ ಬಂದರೆ ನಿಂತು ಕೇಳುತ್ತೇವೆ. ಗೊತ್ತಿರುವ ಪದಕ್ಕೆ ಯಾರು ನಿಲ್ಲುತ್ತಾರೆ?

ಮೊದಲ ಕರಡಿನಲ್ಲಿ ನಾನು ಬೇರೆ ಪದ ಇಟ್ಟಿದ್ದೆ. "ಬೇಟೀ ಕೀ ಶಿಕ್ಷಾ ಬಂದ್ ಮತ್ ಕರನಾ." ಮಗಳ ಓದು ನಿಲ್ಲಿಸಬೇಡ ಅಂತ. ಓದುವವನು "ಮಗಳ ಶಿಕ್ಷೆ ನಿಲ್ಲಿಸಬೇಡ" ಅನ್ನುತ್ತಾನೆ. ಬರೆದು ನಾನೇ ನಕ್ಕೆ, ಆಮೇಲೆ ಹೊಡೆದು ಹಾಕಿದೆ. ಯಾಕಂದರೆ ಅದನ್ನು ಕೇಳಿದ ಯಾವ ತಾಯಿಯೂ "ಏನು ಶಿಕ್ಷೆ? ಯಾಕೆ?" ಅಂತ ಕೇಳೇ ಕೇಳುತ್ತಾಳೆ. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. "ಬರೋದು ಅನುಮಾನ" ಹಾಗಲ್ಲ. ಬಾಂಬೆಗೆ ಹೋದ ಗಂಡ ಬರೆಯಬಹುದಾದ ಮಾತೇ ಅದು.

ಕಾಗದ ಓದಿದವನು ಹಿಂದಿ ಚೆನ್ನಾಗಿ ಬಲ್ಲವನಾಗಿದ್ದರೆ ವಾಕ್ಯದ ಕೊನೆ ನೋಡಿ ಎಚ್ಚರಗೊಳ್ಳುತ್ತಿದ್ದ. "ಪಹುಂಚ್ ಜಾಊಂಗಾ" ಅಂದರೆ ಖಂಡಿತ ತಲುಪುತ್ತೇನೆ ಅನ್ನುವ ಧಾಟಿ. ಸಂಶಯ ಇದ್ದಿದ್ದರೆ ಅಲ್ಲೊಂದು "ಶಾಯದ್" ಇರುತ್ತಿತ್ತು. ನನ್ನ ಕಥೆಯವನು ಅಲ್ಲಿಯವರೆಗೆ ಹೋಗಲಿಲ್ಲ, ಪರಿಚಯದ ಪದ ಸಿಕ್ಕಿದ್ದೇ ಸಾಕಾಯಿತು.

ಅವನನ್ನು ಅಪರಿಚಿತ ಮಾಡಿದ್ದಕ್ಕೂ ಕಾರಣ ಇದೆ. ಸಾಮಾನ್ಯವಾಗಿ ಕಾಗದ ಓದಿ ಹೇಳುತ್ತಿದ್ದವನು ಪೋಸ್ಟ್‌ಮ್ಯಾನ್. ಈ ಊರಿನವನಿಗೆ ಹಿಂದಿ ಬರುವುದಿಲ್ಲ. ಅದಕ್ಕೇ ನೀಲವ್ವ ಬಸ್ಸಿಗೆ ಕಾಯುತ್ತ ಕಟ್ಟೆ ಮೇಲೆ ಕೂತವನ ಕೈಗೆ ಕಾಗದ ಕೊಡುತ್ತಾಳೆ. ಅವನು ಓದುತ್ತಾನೆ, ಬಸ್ ಬರುತ್ತದೆ, ಹೋಗುತ್ತಾನೆ. ಊರಿನವನೇ ಆಗಿದ್ದರೆ ಅವಳು ಮರುದಿನ ಹೋಗಿ "ಇನ್ನೊಮ್ಮೆ ಓದ್ರೀ ಅಣ್ಣಾ" ಅನ್ನುತ್ತಿದ್ದಳು.

ಇನ್ನು ಇಷ್ಟೆಲ್ಲ ಆಗತ್ತಾ ಅನ್ನುವ ಮಾತು. ಅವಳ ಜಾಗದಲ್ಲಿ ನಿಂತು ನೋಡಿ. ಹಬ್ಬಕ್ಕೇ ಬರೋದು ಅನುಮಾನ ಅಂದಮೇಲೆ ಹಿಂಗಾರಿ ಬಿತ್ತೋರು ಯಾರು? ಇರುವ 2 ಎಕರೆ ಬೀಳು ಬಿಡೋಕಾಗತ್ತಾ? ಅವಳು ಹೊಲವನ್ನು ಒಂದು ವರ್ಷಕ್ಕೆ ಲಾವಣಿಗೆ ಕೊಡುತ್ತಾಳೆ. ಇದರಲ್ಲಿ ದುಡುಕು ಏನಿದೆ, ಲೆಕ್ಕ ಸರಿಯಾಗೇ ಇದೆ.

ಮಲ್ಲಪ್ಪ ಹಬ್ಬಕ್ಕೆ 2 ದಿನ ಮೊದಲೇ ಬಂದಿಳಿಯುತ್ತಾನೆ. ತನ್ನ ಹೊಲದಲ್ಲಿ ಬೇರೆಯವರ ಕೂರಿಗೆ ಓಡುತ್ತಿರುತ್ತದೆ, ಕಡಲಿ ಬಿತ್ತನೆ. ಮನೆಯಲ್ಲಿ ಜಗಳ.

"ಬರ್ತೀನಂತ ಬರೆಸೀನಲ್ಲ!"

"ಅನುಮಾನ ಅಂತ ಬರೆಸೀರಿ. ನಾ ಕಿವಿಯಾರೆ ಕೇಳೀನ್ರಿ."

ಕೊನೆಗೆ ಇಬ್ಬರೂ ಆ ನೀಲಿ ಇನ್ಲ್ಯಾಂಡ್ ಲೆಟರ್ ಹಿಡಿದು ಸಾಲಿ ಮಾಸ್ತರರ ಹತ್ತಿರ ಹೋಗುತ್ತಾರೆ. ಮಾಸ್ತರರು ಕನ್ನಡಕ ಏರಿಸಿ, ಬೆರಳಿಟ್ಟು, ಅಕ್ಷರ ಕೂಡಿಸಿ ಓದುತ್ತಾರೆ. ಬೆರಳು ಒಂದು ಕಡೆ ನಿಲ್ಲುತ್ತದೆ.

"ಅನುಮಾನ ಅಂತs ಐತಲ್ಲೋ ಮಲ್ಲಪ್ಪಾ."