ಹೆಸರಿಲ್ಲದ ಅಂಗಡಿಯ ಕಥೆ

ನಾನು ಸಣ್ಣ ವ್ಯಾಪಾರಿಗಳ ಲೆಕ್ಕ ನೋಡಿಕೊಳ್ಳುತ್ತೇನೆ. ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನ್, ಬಾಕಿ ವಸೂಲಿಯ ಪಟ್ಟಿ, ಹೀಗೆ. (ಸಿಎ ಅಲ್ಲ. ಸಿಎಗಳಿಗೆ ಜಾಹೀರಾತಿನ ನಿಯಮಗಳೇ ಬೇರೆ ಇವೆ, ಅವರು ಗಿರಾಕಿಯ ಕೆಲಸದ ಬಗ್ಗೆ ಬರೆದು ಹಂಚುವ ಈ ದಾರಿಯನ್ನು ಹಾಗೇ ಅನುಸರಿಸಬಾರದು.) ಹೊಸ ಗಿರಾಕಿಗಳು ಬರುವುದು ಬಾಯಿಮಾತಿನಿಂದಲೇ. ಆದರೆ ಬಾಯಿಮಾತಿನಲ್ಲಿ "ಚೆನ್ನಾಗಿ ಮಾಡ್ತಾರೆ" ಅನ್ನುವುದು ಬಿಟ್ಟರೆ ಬೇರೇನೂ ದಾಟುವುದಿಲ್ಲ. ಯಾವ ಕೆಲಸ ಚೆನ್ನಾಗಿ ಮಾಡ್ತೀನಿ ಅಂತ ತೋರಿಸಲು ಒಂದು ಪುಟದ ಕೇಸ್ ಸ್ಟಡಿ ಬರೆಯೋಣ ಅನಿಸಿತು.

ಆರಿಸಿಕೊಂಡದ್ದು ಒಂದು ಹೋಲ್‌ಸೇಲ್ ಅಂಗಡಿ. ಅಣ್ಣ ತಮ್ಮ ಇಬ್ಬರೂ ಪಾಲುದಾರರು. ಏನು ಮಾರುತ್ತಾರೆ, ಯಾವ ಊರು ಅಂತ ಇಲ್ಲೂ ಹೇಳುವುದಿಲ್ಲ. ಈ ಬರಹಕ್ಕೂ ಅವರನ್ನು ಕೇಳಿದ್ದೇನೆ, ಒಪ್ಪಿದ್ದು ಇಷ್ಟಕ್ಕೇ.

ಅವರ ತೊಂದರೆ ವ್ಯಾಪಾರಿಗಳಿಗೆಲ್ಲ ಗೊತ್ತಿರುವಂಥದ್ದೇ. ಮಾಲು ಕೊಂಡಾಗ ಕಟ್ಟಿದ ಜಿಎಸ್‌ಟಿಯನ್ನು ಕ್ರೆಡಿಟ್ ಆಗಿ ತಗೊಂಡು ನಾವು ಕಟ್ಟುವ ತೆರಿಗೆಯಲ್ಲಿ ಕಳೆಯಬೇಕಾದರೆ, ಮಾರಿದವರು ತಮ್ಮ ರಿಟರ್ನಿನಲ್ಲಿ ಆ ಬಿಲ್ ತೋರಿಸಿರಬೇಕು. ತೋರಿಸಿದ್ದರೆ ಅದು ತಿಂಗಳ 14ಕ್ಕೆ ಜಿಎಸ್‌ಟಿ ಪೋರ್ಟಲಿನ ಖರೀದಿ ಬಿಲ್ಲುಗಳ ಪಟ್ಟಿ, ಅಂದರೆ ನಮ್ಮ ಜಿಎಸ್‌ಟಿಆರ್-2ಬಿಯಲ್ಲಿ ಬರುತ್ತದೆ. ಇವರಲ್ಲಿ 100 ಬಿಲ್ಲಿಗೆ 20ರಷ್ಟು ಬರುತ್ತಿರಲಿಲ್ಲ. ಕೆಲವು ಸಪ್ಲೈಯರ್‌ಗಳು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು. ಕೆಲವರು ಬಿಲ್ ನಂಬರ್ ತಪ್ಪಾಗಿ ಹಾಕುತ್ತಿದ್ದರು. ಇನ್ನು ಕೆಲವರು ಸುಮ್ನೆ ತಡ ಮಾಡುತ್ತಿದ್ದರು. ಇದೆಲ್ಲ ಗೊತ್ತಾಗುತ್ತಿದ್ದುದು 20ನೇ ತಾರೀಖು, ರಿಟರ್ನ್ ಹಾಕುವ ಕೊನೇ ದಿನ. ಆಗ ಯಾರಿಗೆ ಫೋನ್ ಮಾಡಿ ಏನು ಪ್ರಯೋಜನ? ಕ್ರೆಡಿಟ್ ಬಿಟ್ಟು ಕೈಯಿಂದ ದುಡ್ಡು ಕಟ್ಟುತ್ತಿದ್ದರು.

ನಾನು ಮಾಡಿದ್ದು ದೊಡ್ಡದೇನಲ್ಲ. 14ಕ್ಕೆ ಕಾಯದೆ, 8ನೇ ತಾರೀಖಿಗೇ ದೊಡ್ಡ ಬಿಲ್ಲಿನ ಸಪ್ಲೈಯರ್‌ಗಳಿಗೆ ನೆನಪಿನ ಮೆಸೇಜ್. 14ಕ್ಕೆ 2ಬಿ ಇಳಿಸಿಕೊಂಡು ಖರೀದಿ ಪುಸ್ತಕಕ್ಕೆ ತಾಳೆ ನೋಡುವುದು. ಬಾರದ ಬಿಲ್ಲಿನ ತೆರಿಗೆ ಭಾಗವನ್ನಷ್ಟೇ ಪೇಮೆಂಟಿನಲ್ಲಿ ಹಿಡಿದಿಟ್ಟುಕೊಳ್ಳುವುದು, ಅದೂ ಮೊದಲೇ ಮಾತಾಡಿಕೊಂಡು. ಆರು ತಿಂಗಳಲ್ಲಿ ಬಾರದ ಬಿಲ್ಲುಗಳು 100ಕ್ಕೆ 4ಕ್ಕೆ ಇಳಿದವು.

ಮೊದಲ ಡ್ರಾಫ್ಟಿನಲ್ಲಿ ಹೆಸರಿರಲಿಲ್ಲ. ಆದರೆ ಅಂಗಡಿ ಎಷ್ಟು ಹಳೆಯದು, ಎಷ್ಟು ಗೋಡೌನ್, ಯಾವ ಕಂಪನಿಯ ಏಜೆನ್ಸಿ, ವರ್ಷದ ವಹಿವಾಟು ಎಷ್ಟು, ಎಲ್ಲ ಇತ್ತು. ಕಥೆಗೆ ಮೈ ತುಂಬಲಿ ಅಂತ ಮೊದಲು ಎಲ್ಲ ಬರೆದುಕೊಂಡಿದ್ದೆ. ಎಷ್ಟು ಉಳಿಸಬಹುದು ಅಂತ ನೋಡಲು ಅಣ್ಣತಮ್ಮಂದಿರನ್ನೇ ಕೇಳಿದೆ. ಅದೇ ಮಾರ್ಕೆಟ್ಟಿನಲ್ಲಿ ಅವರ ಸೋದರಮಾವ ಬೇರೆ ವ್ಯಾಪಾರ ಮಾಡುತ್ತಾರೆ. "ಅವರಿಗೆ ಓದಿಸಿ ನೋಡೋಣ, ಮಾವ ಮನೆಯವರೇ ತಾನೆ" ಅಂದರು ತಮ್ಮ. ಯಾರದ್ದು ಅಂತ ಹೇಳದೆ ಓದಲು ಕೊಟ್ಟೆವು. ಅವರು ಎರಡನೇ ಪ್ಯಾರಾ ಮುಗಿಸುವ ಮೊದಲೇ ನಕ್ಕರು. "ಇದು ನಮ್ಮ ಹುಡುಗರದ್ದೇ ಅಲ್ವಾ? ಆ ಏಜೆನ್ಸಿ, ಅಷ್ಟು ಗೋಡೌನ್, ಎರಡೂ ಈ ಕಡೆ ಇನ್ಯಾರ ಹತ್ತಿರ ಇವೆ?"

ವಹಿವಾಟನ್ನು ಅವರು ಗಮನಿಸಿರಲೇ ಇಲ್ಲ. ಗುರುತು ಕೊಟ್ಟಿದ್ದು ಏಜೆನ್ಸಿ ಮತ್ತು ಗೋಡೌನ್, ಎರಡೂ ಸೇರಿ. ಒಂದೊಂದೇ ನೋಡಿದರೆ ನೂರು ಅಂಗಡಿಗೆ ಹೊಂದುತ್ತವೆ, ಜೊತೆಗಿಟ್ಟರೆ ಒಂದೇ ಉಳಿಯುತ್ತದೆ. ಆಮೇಲೆ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿಕೊಂಡು ಹೋದೆ: ಇದನ್ನು ತೆಗೆದರೆ ಇಂಥದೇ ತೊಂದರೆ ಇರುವ ಇನ್ನೊಬ್ಬ ವ್ಯಾಪಾರಿಗೆ ಏನಾದರೂ ಕಡಿಮೆಯಾಗುತ್ತದಾ? ಗೋಡೌನ್, ಏಜೆನ್ಸಿ, ವಹಿವಾಟು ಎಲ್ಲ ಹೋದವು. "20ನೇ ತಾರೀಖು ಮಧ್ಯಾಹ್ನ ಸಪ್ಲೈಯರ್‌ಗಳಿಗೆ ಫೋನ್ ಹಚ್ಚುತ್ತಾ ಕೂರುತ್ತಿದ್ದರು" ಅನ್ನುವ ಸಾಲು ಉಳಿಯಿತು. ಅದು ಯಾರ ಗುರುತನ್ನೂ ಬಿಟ್ಟುಕೊಡುವುದಿಲ್ಲ, ಆದರೆ ಅನುಭವಿಸಿದವರಿಗೆ ತಟ್ಟನೆ ತಾಗುತ್ತದೆ. ಮಾರುವ ಮಾಲನ್ನು ಬದಲಿಸಿ ಬರೆಯಬಹುದಿತ್ತು, ಆದರೆ ಸುಳ್ಳು ಸೇರಿಸುವುದಕ್ಕಿಂತ "ಒಂದು ಹೋಲ್‌ಸೇಲ್ ಅಂಗಡಿ" ಅಂತ ಸುಮ್ಮನಾಗುವುದು ವಾಸಿ ಅನಿಸಿತು.

ಸ್ಕ್ರೀನ್‌ಶಾಟ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 2ಬಿಯ ಚಿತ್ರ ಹಾಕಿದರೆ ನಂಬಿಕೆ ಬರುತ್ತದೆ ಅಂತ ಎಲ್ಲರಿಗೂ ಆಸೆ. ಆದರೆ ಅದರಲ್ಲಿ ಪ್ರತಿ ಸಪ್ಲೈಯರ್‌ನ ಜಿಎಸ್‌ಟಿ ನಂಬರ್ ಇರುತ್ತದೆ. ಆ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ್ದು, ನಮ್ಮ ಕರ್ನಾಟಕಕ್ಕೆ 29. ಮುಂದಿನ ಹತ್ತು ಅವರ ಪ್ಯಾನ್ ನಂಬರ್. ಜಿಎಸ್‌ಟಿ ಪೋರ್ಟಲಿನಲ್ಲಿ ಅದನ್ನು ಹಾಕಿದರೆ ಲಾಗಿನ್ ಕೂಡ ಬೇಡ, ಹೆಸರು ಬರುತ್ತದೆ. ಬ್ಲರ್ ಮಾಡಿದರೂ ಒಂದು ಸಾಲು ತಪ್ಪಿಸಿಕೊಂಡರೆ ಮುಗಿಯಿತು. ಅದಕ್ಕೆ ಚಿತ್ರವೇ ಬೇಡ ಅಂತ ಬಿಟ್ಟೆ. ನಾಲ್ಕು ಸಾಲಿನ ಸಣ್ಣ ಟೇಬಲ್ ನಾನೇ ಟೈಪ್ ಮಾಡಿದೆ.

ಕೊನೆಗೆ ಇಬ್ಬರ ಒಪ್ಪಿಗೆ ಕೇಳಬೇಕಿತ್ತು. ಅಕೌಂಟ್ಸ್ ನೋಡುವ ಹುಡುಗ "ಹಾಕಿ ಮೇಡಂ, ಏನಾಗುತ್ತೆ" ಅಂದ. ಅವನ ಮಾತು ಒಪ್ಪಿಗೆ ಅಲ್ಲ. ತಮ್ಮ ಒಬ್ಬರೇ ಹೂಂ ಅಂದರೂ ಸಾಲದು. ಫೀಸಿನ ಬಿಲ್ ಕಳಿಸುವ ವಾರ ಕೇಳಬಾರದು ಅಂತ ಕಾದೆ, ಮುಲಾಜಿಗೆ ಬಿದ್ದು ಹೂಂ ಅನ್ನುತ್ತಾರೆ. ಬರಹ ಪೂರ್ತಿ ಲಗತ್ತಿಸಿ ಇಬ್ಬರಿಗೂ ಹೀಗೆ ಕಳಿಸಿದೆ:

"ಅಣ್ಣಾರೆ, ಇದು ನಿಮ್ಮ ಅಂಗಡಿಯ ಕೆಲಸದ ಬಗ್ಗೆ. ಹೆಸರು, ಊರು, ಮಾಲು ಯಾವುದೂ ಇಲ್ಲ. ನನ್ನ ವೆಬ್‌ಸೈಟಿನಲ್ಲಿ, ವಾಟ್ಸಾಪಿನಲ್ಲಿ ಹಾಕುತ್ತೇನೆ, 200 ಪಾಂಪ್ಲೆಟ್ ಮಾಡಿಸುತ್ತೇನೆ. ಬೇರೆಲ್ಲೂ ಇಲ್ಲ. ಬೇಡ ಅನಿಸಿದ ದಿನ ಒಂದು ಮೆಸೇಜ್ ಹಾಕಿ, ಎರಡು ದಿನದಲ್ಲಿ ತೆಗೆಯುತ್ತೇನೆ. ಹಂಚಿದ ಪಾಂಪ್ಲೆಟ್ ಮಾತ್ರ ವಾಪಸ್ ತರೋಕಾಗಲ್ಲ. ಈಗಲೇ ಬೇಡ ಅಂದರೂ ನಮ್ಮ ಕೆಲಸಕ್ಕೂ ಫೀಸಿಗೂ ಏನೂ ವ್ಯತ್ಯಾಸ ಇಲ್ಲ. ಒಪ್ಪಿಗೆ ಇದ್ದರೆ ಇಬ್ಬರೂ ಬರೆದು ಕಳಿಸಿ."

ಇದು ಸುಮ್ನೆ ಸೌಜನ್ಯಕ್ಕಲ್ಲ. ವ್ಯಕ್ತಿಗಳ ಮಾಹಿತಿಯ ಮಟ್ಟಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಇದೇ ದಾರಿಯಲ್ಲಿದೆ. ಒಪ್ಪಿಗೆ ಒತ್ತಾಯವಿಲ್ಲದೆ, ಇಂಥದ್ದಕ್ಕೇ ಅಂತ ಸ್ಪಷ್ಟವಾಗಿ ಇರಬೇಕು. ಕೊಟ್ಟಷ್ಟೇ ಸುಲಭವಾಗಿ ವಾಪಸ್ ತಗೊಳ್ಳುವಂತೆಯೂ ಇರಬೇಕು.

ತಮ್ಮ ಕೂಡಲೇ ಒಪ್ಪಿದರು. ಜೊತೆಗೆ "ಲಕ್ಷಗಟ್ಟಲೆ ಉಳಿಸಿಕೊಟ್ರು ಅಂತ ಸೇರಿಸಿ ಮೇಡಂ" ಅಂದರು. ಆ ಸಾಲು ಹಾಕಲಿಲ್ಲ. ಆ ಕ್ರೆಡಿಟ್ ಜಾಸ್ತಿ ಪಾಲು ಕಳೆದುಹೋದದ್ದಲ್ಲ, ತಡವಾಗಿ ಸಿಗುತ್ತಿದ್ದದ್ದು. ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30ರ ತನಕ, ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಹಾಕಿದ್ದರೆ ಅಲ್ಲಿಯ ತನಕ, ತಗೊಳ್ಳಲು ಅವಕಾಶ ಇತ್ತು. ನಿಜವಾಗಿ ಉಳಿದದ್ದು ಕೈಯಲ್ಲಿ ಓಡಾಡುವ ದುಡ್ಡು, ತಪ್ಪಿದ್ದು 20ನೇ ತಾರೀಖಿನ ಗೋಳು. ಹಾಗೇ ಬರೆದೆ. ಲೆಕ್ಕ ಬಲ್ಲ ವ್ಯಾಪಾರಿ "ಲಕ್ಷ ಉಳಿಯಿತು" ಅಂತ ಓದಿದರೆ ಅಲ್ಲಿಗೇ ಪುಟ ಮಡಚುತ್ತಾನೆ.

ಅಣ್ಣ ಎರಡು ದಿನ ಉತ್ತರಿಸಲಿಲ್ಲ. ಆಮೇಲೆ ಫೋನ್ ಮಾಡಿದರು. "ಮೇಡಂ, ನಮ್ಮ ಹೆಸರಿನ ಚಿಂತೆ ನನಗಿಲ್ಲ. ಪೇಮೆಂಟ್ ಹಿಡೀತಿದ್ರು ಅಂತ ಇದೆಯಲ್ಲ, ಅದನ್ನ ನಮ್ಮ ಸಪ್ಲೈಯರ್ ಓದಿದ್ರೆ ಮುಂದಿನ ಲೋಡು ಕಳಿಸೋಕೆ ಹಿಂದೆಮುಂದೆ ನೋಡ್ತಾನೆ." ಸರಿಯಾದ ಮಾತು. ಗುಟ್ಟು ಗಿರಾಕಿಯದ್ದು ಮಾತ್ರ ಅಲ್ಲ, ಅವರ ಜೊತೆ ವ್ಯವಹಾರ ಮಾಡುವವರದ್ದೂ ಅದರಲ್ಲಿ ಸೇರಿರುತ್ತದೆ. ಆ ಸಾಲನ್ನು "ಪೇಮೆಂಟಿನ ನಿಯಮವನ್ನು ಸಪ್ಲೈಯರ್‌ಗಳ ಜೊತೆ ಕೂತು ಮಾತಾಡಿ ಬದಲಿಸಿಕೊಂಡರು" ಅಂತ ತಿದ್ದಿದೆ. ಅದೂ ನಿಜವೇ, ಹಾಗೇ ನಡೆದದ್ದು. ತಿದ್ದಿದ್ದನ್ನು ಮತ್ತೆ ಇಬ್ಬರಿಗೂ ಕಳಿಸಿದೆ. ಆಗ ಅಣ್ಣ "ಒಪ್ಪಿಗೆ ಇದೆ" ಅಂತ ಬರೆದರು.

ಪಾಂಪ್ಲೆಟ್ ಹಂಚಿದ ಕೆಲವು ವಾರಗಳಲ್ಲಿ ಬೇರೆ ಊರಿನ ವ್ಯಾಪಾರಿಯೊಬ್ಬರು ಫೋನ್ ಮಾಡಿದರು. "20ನೇ ತಾರೀಖಿನ ವಿಷಯ ಬರೆದಿದ್ದೀರಲ್ಲ, ಅದು ನಮ್ಮ ಅಂಗಡಿಯದ್ದೇ." ಕೆಲಸದ ಮಾತು ಮುಗಿದ ಮೇಲೆ ಮೆಲ್ಲಗೆ ಕೇಳಿದರು, "ಅಂದ್ಹಾಗೆ ಆ ಪಾರ್ಟಿ ಯಾರು ಮೇಡಂ?" ಹೇಳೋ ಹಾಗಿಲ್ಲ ಸರ್ ಅಂದೆ. ಅರೆಕ್ಷಣ ಸುಮ್ಮನಿದ್ದು, ಮುಂದಿನ ವಾರ ಪುಸ್ತಕ ತರುತ್ತೇನೆ ಅಂದರು.